ಬಾಗಿಲ ಬದಿಯ ಬಾಕ್ಸುಗಳು

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಹೊರಗಿನವರು ಯಾರಾದರೂ ಪಿಪಿಟಿ ತಂದು, ಗೋಡೆಯ ಮೇಲೆ ಬೆಳಕು ಬಿಟ್ಟು, ಸಂಚಾಲಕರಿಗೆ ತೋರಿಸಿ ಹೋದರೆ ಆ ದಿನವೇ ಯಾರೂ ಒಪ್ಪಿ ಕೈ ಎತ್ತುವ ಹಾಗಿರಲಿಲ್ಲ. ಮೊದಲು ಅದನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಬೇಕು. ಇಳಿಸುವ ಕೆಲಸ ನನ್ನದು.

ನಮ್ಮದು ಒಣದ್ರಾಕ್ಷಿ ಬೆಳೆಗಾರರ ಕಂಪನಿ. ಆಫೀಸು ವಿಜಯಪುರದಲ್ಲಿ, ಒಂದು ಔಷಧ ಅಂಗಡಿಯ ಮೇಲಿನ ಎರಡು ಕೋಣೆ. ಸದಸ್ಯರು ತಿಕೋಟಾ, ಬಬಲೇಶ್ವರ, ಕನಮಡಿ ಕಡೆಯವರು. ನಾನು ಅಲ್ಲಿ ಪತ್ರ ಬರೆಯುವವಳು, ಸಭೆಯ ನಡಾವಳಿ ಬರೆಯುವವಳು, ಚಾ ಹೇಳುವವಳು, ಕರೆಂಟ್ ಹೋದರೆ ಕಿಟಕಿ ತೆಗೆಯುವವಳು. ಹಾಳೆಯ ಕೆಲಸ ಆಮೇಲೆ ಬಂದದ್ದು. ಅದನ್ನು ಕಲಿಸಿದವರು ಸಂಚಾಲಕರಲ್ಲಿ ಒಬ್ಬರಾದ ನಿವೃತ್ತ ವಕೀಲರು. ಅವರಿಗೆ ಬಬಲೇಶ್ವರದ ಹಾದಿಯಲ್ಲಿ ತೋಟ ಇದೆ. ಕೋರ್ಟು ಬಿಟ್ಟ ಮೇಲೆ ಬಳ್ಳಿ ಹಿಡಿದವರು.

"ಬಾಯಾರ, ಪಿಪಿಟಿ ಅನ್ನೂದು ಮುಂದಿಂದ ಓದೂದಲ್ರಿ," ಎಂದಿದ್ದರು ಮೊದಲ ದಿನ. "ಕಟ್ಟಕಡೀ ಸ್ಲೈಡು ಮೊದಲ ನೋಡ್ರಿ. ಅವರಿಗೆ ಏನ್ ಬೇಕಾಗೈತಿ ಅನ್ನೂದು ಅಲ್ಲಿ ಕುಂತಿರತೈತಿ. ಅದಾ ತೀರ್ಮಾನ. ಅದನ್ನ ಒಪ್ಪಬೇಕಂದ್ರ ನಾವು ಏನೇನು ನಂಬಬೇಕು ಅಂತ ಹಿಂದಕ್ಕ ಹಿಂದಕ್ಕ ಬರ್ರಿ. ಅವು ಆಧಾರ. ಒಂದೊಂದು ಆಧಾರದ ಮುಂದ ಅವರು ಏನ್ ತೋರ್ಸ್ಯಾರ, ಅದು ಪುರಾವೆ. ಎಲ್ಲಿ ತೋರಿಸಿಲ್ಲ, ಇಲ್ಲಾ ತೋರಿಸಿದ್ದಕ್ಕೂ ಹೇಳಿದ್ದಕ್ಕೂ ಹೊಂದಂಗಿಲ್ಲ, ಅಲ್ಲಿ ಕೆಂಪು ಗೆರಿ."

"ನಗೋ ರೈತನ ಫೋಟೋ ಹಾಕಿರತಾರಲ್ರಿ, ಅದು ಯಾವುದರಾಗ ಬರತೈತಿ?"

"ಅದು ಊಟದಾಗಿನ ಉಪ್ಪಿನಕಾಯಿ. ಬಿಡ್ರಿ."

ಹಾಗೆ ಮೂರು ಕಾಲಮ್ಮಿನ ಹಾಳೆ ಶುರುವಾಯಿತು. ತಲೆಯ ಮೇಲೆ ತೀರ್ಮಾನ; ಕೆಳಗೆ ಆಧಾರ, ಪುರಾವೆ, ಸಡಿಲು. ಹೇಳದೆ ಬಿಟ್ಟ ಆಧಾರಗಳನ್ನೂ ಹುಡುಕಿ ಬರೆಯಬೇಕಿತ್ತು. ಅವರು ಬಾಯಿ ಬಿಟ್ಟು ಹೇಳಿರುವುದಿಲ್ಲ, ಆದರೆ ಅದಿಲ್ಲದೆ ತೀರ್ಮಾನ ನಿಲ್ಲುವುದಿಲ್ಲ. ಅಂಥವು ಬಹಳ ಸಲ ಎಲ್ಲಕ್ಕಿಂತ ಸಡಿಲ ಇರುತ್ತಿದ್ದವು. ಒಮ್ಮೆ ಒಬ್ಬ ಸಿಂಪಡಣೆಯ ಔಷಧದವನು ಬಂದು ಬಳ್ಳಿಯ ಎರಡು ಚಿತ್ರ ತೋರಿಸಿದ, ಔಷಧಕ್ಕೆ ಮೊದಲು, ಔಷಧದ ನಂತರ. ಎರಡನೆಯದರಲ್ಲಿ ಹಿಂದಿನ ಹೊಂಡ ತುಂಬಿತ್ತು. ಚಿಗುರಿಸಿದ್ದು ಔಷಧವೋ ಮಳೆಯೋ ಎಂದು ನಾನು ಬರೆದೆ. ಸಭೆಯಲ್ಲಿ ಎಲ್ಲರೂ ನಕ್ಕರು, ಔಷಧ ಕೊಳ್ಳಲಿಲ್ಲ. ಅಂದು ಮನೆಗೆ ಹೋಗಿ ಯಜಮಾನರ ಮುಂದೆ ಎರಡು ಸಲ ಹೇಳಿಕೊಂಡೆ. ಬರೆದದ್ದಕ್ಕೆ ಬೆಲೆ ಇದೆ ಎಂದು ಆಗ ನಂಬಿದ್ದೆ.

ಈಗ ಹೇಳುತ್ತಿರುವುದು ಈಚಿನ ಮಾತು, ದೀಪಾವಳಿಗೆ ಮುಂಚಿನದು.

ತಿಕೋಟಾದಲ್ಲಿ ನಮ್ಮ ಕಂಪನಿಯ ಒಂದು ಶೆಡ್ಡು ಇತ್ತು. ಕೋಲ್ಡ್ ಸ್ಟೋರೇಜಿನಿಂದ ತಂದ ಒಣದ್ರಾಕ್ಷಿಯನ್ನು ಹೆಂಗಸರು ಅಲ್ಲಿ ಕುಳಿತು ಕೈಯಿಂದ ಆರಿಸುತ್ತಿದ್ದರು. ಮೊದಲ ಸಲ ದೊಡ್ಡ ಕಡ್ಡಿ, ತೊಟ್ಟು, ಕಸ. ಎರಡನೇ ಸಲ ಉಳಿದ ಸಣ್ಣ ಕಡ್ಡಿ, ಜೊತೆಗೆ ಬಣ್ಣ: ಹಸಿರು ಬೇರೆ, ಹಳದಿ ಬೇರೆ, ಕಂದು ಬೇರೆ. ಆ ಶೆಡ್ಡು ನೋಡಿಕೊಳ್ಳುತ್ತಿದ್ದವಳು ನನ್ನ ವೈನಿ, ನನ್ನ ಅಣ್ಣನ ಹೆಂಡತಿ. ಶೆಡ್ಡಿಗೆ ತಗಡು ಹಾಕಿದ ದಿನದಿಂದ ಅಲ್ಲಿದ್ದವಳು. ಬೆಳಿಗ್ಗೆ ಬೀಗ ತೆಗೆದು, ನೆಲ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಹೆಂಗಸರು ಬರುವ ಮುಂಚೆ ತಾಡಪತ್ರಿ ಹಾಸಿರುತ್ತಿದ್ದಳು. ಮನೆಯಲ್ಲಿ ಅವಳ ಸ್ವಭಾವ ಬೇರೆ, ಅಲ್ಲಿ ಬೇರೆ. ಮನೆಯಲ್ಲಿ ಅಣ್ಣನ ಮುಂದೆ ತಲೆ ತಗ್ಗಿಸಿ ಮಾತಾಡುವವಳು, ಶೆಡ್ಡಿನಲ್ಲಿ ಹುಬ್ಬು ಏರಿಸಿದರೆ ಸಾಕು, ಹೆಂಗಸರೆಲ್ಲ ಗಪ್ಪಾಗುತ್ತಿದ್ದರು.

ಪಿಪಿಟಿ ತಂದವಳು ಪುಣೆಯ ಕಡೆಯ ಸಲಹಾ ಸಂಸ್ಥೆಯೊಂದರ ಹುಡುಗಿ. ಹುಡುಗಿ ಎನ್ನುವುದು ನನ್ನ ಬಾಯಿ ರೂಢಿ. ಮೂವತ್ತರ ಆಸುಪಾಸಿನವಳು, ಒಳ್ಳೆಯವಳು. ಕನ್ನಡ ಬೆಂಗಳೂರಿನದು. ಬಂದ ಕೂಡಲೇ ನನ್ನ ಊಟದ ಡಬ್ಬಿಯ ಶೇಂಗಾ ಹಿಂಡಿ ಕೇಳಿ ತಿಂದಳು. ಅವಳ ಕಡೆಯ ಸ್ಲೈಡಿನಲ್ಲಿ ಹೀಗಿತ್ತು: ತಿಕೋಟಾದ ಕೈ ಆರಿಸುವ ಶೆಡ್ಡು ಮುಚ್ಚಿ, ಎಲ್ಲ ಮಾಲನ್ನು ಬಬಲೇಶ್ವರದ ಹತ್ತಿರದ ಖಾಸಗಿ ಯಂತ್ರಕ್ಕೆ ಕರಾರಿನ ಮೇಲೆ ಕಳಿಸುವುದು.

ಪಿಪಿಟಿಯ ಪ್ರತಿ ನನ್ನ ಮುಂದೆ ಬಂದಾಗ ನಾನು ವಕೀಲರ ಬಳಿ ಹೋದೆ. "ಇದನ್ನ ನಾ ಬರಿಯೂದು ಬ್ಯಾಡ್ರಿ. ಶೆಡ್ಡಿನಾಗ ನಮ್ಮ ವೈನಿ ಅದಾಳ."

ಅವರು ಕನ್ನಡಕ ಒರೆಸಿದರು. "ಬೇರೆ ಯಾರ್ ಬರೀತಾರ್ರಿ? ಬರೀರಿ. ಕೆಳಗ ನಿಮ್ಮ ಸಂಬಂಧ ಇಂಥಾದ್ದು ಅಂತ ಒಂದು ಸಾಲು ಹಾಕ್ರಿ. ಮತ್ತ ಒಂದು ನೆನಪಿಡ್ರಿ. ಆಧಾರದ ಕೊಂಡಿ ಸಡಿಲ ಐತಿ ಅಂದ್ರ ತೀರ್ಮಾನ ಸುಳ್ಳು ಅಂತ ಅಲ್ಲ. ಇನ್ನೂ ಸಾಬೀತಾಗಿಲ್ಲ, ಅಷ್ಟ. ಗಟ್ಟಿ ಇದ್ದದ್ದನ್ನ ಗಟ್ಟಿ ಅಂತ ಬರೀಲಿಲ್ಲಾಂದ್ರ ನಿಮ್ಮ ಕೆಂಪು ಗೆರಿ ಯಾರೂ ನಂಬೂದಿಲ್ಲ."

ಮನೆಯಲ್ಲಿ ಊಟದ ಮೇಜು ಒರೆಸಿ, ಹಾಳೆ ಹಾಸಿ ಕುಳಿತೆ.

ಮೊದಲ ಆಧಾರ: ನಮ್ಮ ಮಾಲಿಗೆ ಹರಾಜಿನಲ್ಲಿ ಬೇರೆಯವರಿಗಿಂತ ಕಡಿಮೆ ದರ ಬರುತ್ತಿದೆ. ಪುರಾವೆಗೆ ಎರಡು ಕಂಬಗಳ ಚಿತ್ರ. ನಮ್ಮ ಕಂಬ ಗಿಡ್ಡ. ಕೆಳಗಿನ ಸಣ್ಣ ಅಕ್ಷರ ಓದಿದರೆ, ನಮ್ಮದು ಎಲ್ಲ ಬಣ್ಣದ ಮಾಲಿನ ಸರಾಸರಿ. ಅವರದು ಬರೀ ಹಸಿರಿನದು. ಕೆಂಪು ಗೆರೆ ಎಳೆದೆ. ಆದರೆ ದರ ಕಡಿಮೆ ಇದೆ ಎಂಬ ಮಾತು ಪೂರಾ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು, ಹರಾಜಿನ ಚೀಟಿಗಳನ್ನು ಜೋಡಿಸುವವಳು ನಾನೇ. ಅದನ್ನೂ ಬರೆದೆ.

ಎರಡನೆಯದು: ದರ ಕಡಿಮೆಯಾಗಲು ಕಾರಣ ಆರಿಸುವುದರಲ್ಲಿನ ದೋಷ. ಇದಕ್ಕೆ ಪುರಾವೆಯೇ ಇರಲಿಲ್ಲ. ಮೊದಲ ಕಂಬವನ್ನೇ ಮತ್ತೊಮ್ಮೆ ತೋರಿಸಿದ್ದರು. ಹಿಂದಿನ ಹಂಗಾಮಿನಲ್ಲಿ ಹಣ್ಣು ರ್ಯಾಕಿನ ಮೇಲೆ ಒಣಗುವ ದಿನಗಳಲ್ಲೇ ಮಳೆ ಹೊಡೆದು ಅರ್ಧ ಮಾಲು ಕಪ್ಪಿಟ್ಟಿತ್ತು. ಕಪ್ಪಿಟ್ಟದ್ದನ್ನು ಯಾರು ಆರಿಸಿದರೂ ಹಸಿರಾಗುವುದಿಲ್ಲ. ಇಲ್ಲಿ ಗೆರೆಯನ್ನು ಎರಡು ಸಲ ಎಳೆದೆ, ಏಕೆಂದರೆ ಈ ಕೊಂಡಿ ಬಿಚ್ಚಿದರೆ ಉಳಿದದ್ದೆಲ್ಲ ಬೀಳುತ್ತದೆ.

ಮೂರನೆಯದು: ಯಂತ್ರ ಕೈಗಿಂತ ಚೆನ್ನಾಗಿ ಆರಿಸುತ್ತದೆ. ಪುರಾವೆ, ಎರಡೂ ಕಡೆಯ ಮಾದರಿ. ಯಂತ್ರದ ಮಾದರಿಯಲ್ಲಿ ಕಡ್ಡಿ ಇಲ್ಲವೆನ್ನುವಷ್ಟು ಕಡಿಮೆ, ನಮ್ಮದರಲ್ಲಿ ಸಣ್ಣ ಕಡ್ಡಿ ಬೇಕಾದಷ್ಟು, ಬಣ್ಣವೂ ಬೆರಕೆ. ಜೊತೆಗೆ ಫೋಟೋ: ತೆರೆದ ಬಾಕ್ಸುಗಳ ಸಾಲು, ಹಿಂದೆ ನಮ್ಮ ಶೆಡ್ಡಿನ ಹಸಿರು ಬಾಗಿಲು.

ನಾಲ್ಕನೆಯದು: ಹಂಗಾಮಿನಲ್ಲಿ ಯಂತ್ರ ನಮ್ಮ ಎಲ್ಲ ಮಾಲನ್ನೂ ಹೊತ್ತಿಗೆ ಸರಿಯಾಗಿ ಮುಗಿಸುತ್ತದೆ. ಪುರಾವೆ, ಯಂತ್ರದ ಮಾಲೀಕನೇ ಬರೆದ ಪತ್ರ. ತನ್ನ ಅಂಗಡಿಯ ಪೇಡೆ ತಾನೇ ಹೊಗಳಿದ ಹಾಗೆ. ಹೇಳದೆ ಬಿಟ್ಟದ್ದು ಐದನೆಯದು: ಹೆಚ್ಚು ಬರುವ ದರ, ಯಂತ್ರದ ಬಾಡಿಗೆ ಮತ್ತು ಗಾಡಿ ಖರ್ಚನ್ನು ಕಳೆದ ಮೇಲೂ ಉಳಿಯುತ್ತದೆ. ಅದಕ್ಕೆ ಸ್ಲೈಡೇ ಇರಲಿಲ್ಲ.

ಫೋಟೋದ ಮೇಲೆ ನನ್ನ ಕಣ್ಣು ನಿಂತಿತ್ತು. ಏನೋ ಸರಿ ಇಲ್ಲ ಅನ್ನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ.

ಮರುದಿನ ರಜೆ ಕೇಳಿ ಮೊದಲು ಬಬಲೇಶ್ವರಕ್ಕೆ ಹೋದೆ, ಯಂತ್ರ ನೋಡಲು. ಅದರ ಬಗ್ಗೆ ಸುಳ್ಳು ಬರೆಯಬಾರದಲ್ಲ. ಯಂತ್ರ ಚೆನ್ನಾಗಿಯೇ ಇತ್ತು. ಮೇಲಿನ ಗಂಗಾಳದಂಥ ಅಗಲ ತಟ್ಟೆ ನಡುಗುತ್ತಾ ದ್ರಾಕ್ಷಿಯನ್ನು ತೆಳ್ಳಗೆ ಹರಡಿ ಇಳಿಸುತ್ತದೆ. ಬೀಳುವಾಗ ಕ್ಯಾಮೆರಾ ನೋಡುತ್ತದೆ. ಬಣ್ಣ ತಪ್ಪಿದ್ದಿದ್ದರೆ ಗಾಳಿಯ ಸಣ್ಣ ಹೊಡೆತ ಕೊಟ್ಟು ಆಚೆ ಹಾರಿಸುತ್ತದೆ. ಕಣ್ಣು ಮಿಟುಕಿಸುವುದರಲ್ಲಿ ಒಂದು ಬಾಕ್ಸು. ವೈನಿಯ ಹೆಂಗಸರು ಹಾಡು ಹೇಳಿಕೊಂಡು ಅರ್ಧ ದಿನ ಕುಳಿತರೆ ಆಗುವ ಕೆಲಸ.

ಆರಿಸಿದ ಮಾಲು ಸಾಗುವ ಪಟ್ಟಿಯ ಕೊನೆಗೆ ಹೋದರೆ ಅಲ್ಲಿ ಇಬ್ಬರು ಹೆಂಗಸರು ಕುಳಿತು ಕೈಯಿಂದ ಆರಿಸುತ್ತಿದ್ದರು.

"ಇವರ್ಯಾಕ್ರಿ ಮತ್ತ?" ಎಂದೆ ಮ್ಯಾನೇಜರನಿಗೆ.

"ಕಂದು ದ್ರಾಕ್ಷಿ ಒಳಗ ಕಂದು ಕಡ್ಡಿ ಇದ್ದರ ಒಮ್ಮೊಮ್ಮಿ ಅದಕ್ಕ ಕಾಣಂಗಿಲ್ರಿ ಅಕ್ಕಾರ. ಕಡೀ ಕಣ್ಣಾಡಿಸೂದು, ಅಷ್ಟ."

"ಮಾದರಿ ಕೊಟ್ಟೀರಲ್ಲ ನಮ್ಮವರಿಗೆ, ಅದು ಇವರು ಕಣ್ಣಾಡಿಸಿದ್ದಾ, ಅದಕ್ಕಿಂತ ಮೊದಲಿಂದಾ?"

ಅವನು ಪ್ರಾಮಾಣಿಕ. "ಅಯ್ಯ, ಗಿರಾಕಿಗೆ ತೋರ್ಸೂದು ಕಡೀದೇ ಅಲ್ರಿ?" ಎಂದು ನಕ್ಕ.

ಆ ನಗುವಿನಲ್ಲೇ ಫೋಟೋದ ತಪ್ಪು ನನಗೆ ಹೊಳೆಯಿತು. ಆರಿಸಿ ಮುಗಿದವಕ್ಕೆ ಹಚ್ಚುವ ಟೇಪು ಆ ಬಾಕ್ಸುಗಳಿಗೆ ಇರಲಿಲ್ಲ.

ಅದರ ಮರುದಿನ ತಿಕೋಟಾ ಬಸ್ಸು ಹತ್ತಿದೆ. ಶೆಡ್ಡಿನಲ್ಲಿ ಕೆಲಸ ನಡೆದಿತ್ತು. ನನ್ನ ಕಂಡು ಒಬ್ಬಾಕೆ, "ಅಕ್ಕಾ, ನಿನ್ನ ನಾದಿನಿ ಬಂದಾಳ ನೋಡ, ಸೀರಿ ನೋಡಿದರ ಇಂದು ನಮಗ ಬೋನಸ್ ಐತಿ" ಎಂದಳು. ವೈನಿ "ಕೈ ನಡೀಲೇ, ಬಾಯಿ ಆಮ್ಯಾಲ" ಎಂದು ಗದರಿ, ನನಗೆ ನೀರು ತಂದಳು.

ಮುಗಿದ ಬಾಕ್ಸುಗಳು ಒಳಗೋಡೆಗೆ, ಟೇಪು ಹಚ್ಚಿ, ಮುದ್ರೆ ಒತ್ತಿ. ಒಂದೇ ಸಲ ಆರಿಸಿದವು ಬಾಗಿಲ ಬದಿಗೆ, ತೆರೆದು. ಬಣ್ಣ ನೋಡಲು ಬಾಗಿಲ ಬೆಳಕು ಬೇಕಲ್ಲ. ಇದು ಶೆಡ್ಡಿಗೆ ಬಂದು ಹೋಗುವ ನಾವೆಲ್ಲ ಅರಿತದ್ದೇ.

"ವೈನಿ, ಆ ಹುಡುಗಿ ಬಂದು ಮಾದರಿ ಕೇಳಿದಾಗ ಯಾವ ಬಾಕ್ಸಿಂದ ಕೊಟ್ಟಿ?"

"ಇಲ್ಲೇ, ಬಾಗಲ ಕಡೀವು. ಹತ್ತು ಬಾಕ್ಸಿಂದ ಒಂದೊಂದು ಬೊಗಸಿ ಕೊಡ್ರಿ ಅಂದ್ಲು. ಕೊಟ್ಟೆ."

"ಅವಿನ್ನಾ ಎರಡನೇ ಸಲ ಆರಿಸಿದ್ದಿಲ್ಲಲ್ಲ."

"ಇಲ್ಲ. ಮತ್ತ ಒಳಗಿನವು ಹೆಂಗ್ ಕೊಡ್ಲಿಬೇ? ಟೇಪ್ ಹಚ್ಚಿದ್ದು ಗಿರಾಕಿದು. ಅದರಾಗಿಂದ ಬೊಗಸಿ ತಗದರ ತೂಕ ಕಡಿಮಿ ಆಗೂದಿಲ್ಲೇನು? ಮುದ್ರಿ ಒತ್ತಿದ ಮ್ಯಾಲ ನಾ ಯಾವತ್ತೂ ಮುಟ್ಟಿಲ್ಲ. ದೇವರಾಣಿ."

ಅವಳ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ನಾನು ನೀರು ಕುಡಿದು ಚರಿಗೆ ಕೆಳಗಿಟ್ಟೆ. ಆಕೆ ಮಾದರಿ ಏಕೆ ಬೇಕೆಂದು ಹೇಳಿರಲಿಲ್ಲ. ವೈನಿ ಕೇಳಿರಲೂ ಇಲ್ಲ. ಅರ್ಧ ಮುಗಿದ ಕೆಲಸವನ್ನು ತನ್ನ ಕೈಯಾರೆ ಎತ್ತಿ ಕೊಟ್ಟಿದ್ದಳು, ಗಿರಾಕಿಯ ಮಾಲು ಉಳಿಸಲು.

ಹಾಳೆಯ ಮೂರನೇ ಸಾಲಿನಲ್ಲಿ ಬರೆದೆ: ಶೆಡ್ಡಿನ ಮಾದರಿ ಒಂದೇ ಸಲ ಆರಿಸಿದ ಮಾಲಿನದು, ಯಂತ್ರದ ಮಾದರಿ ಯಂತ್ರ ಮತ್ತು ಕೈ ಎರಡೂ ಮುಗಿಸಿದ ಮಾಲಿನದು; ಒಂದೇ ಹಂತದ, ಒಂದೇ ತೋಟದ ಮಾಲನ್ನು ಎರಡೂ ಕಡೆ ಆರಿಸಿ ನೋಡದೆ ಹೋಲಿಕೆ ನಿಲ್ಲುವುದಿಲ್ಲ. ಗಟ್ಟಿ ಇರುವ ಕಡೆ, ಯಂತ್ರ ಬಹಳ ವೇಗ ಎಂದೂ ಬರೆದೆ. ಕೆಳಗೆ ನನ್ನ ಸಂಬಂಧದ ಸಾಲು.

ಸಭೆಯಲ್ಲಿ ವಕೀಲರು ಹಾಳೆಯನ್ನು ದೊಡ್ಡದಾಗಿ ಓದಿದರು. ಅಧ್ಯಕ್ಷರು ಕನಮಡಿ ಕಡೆಯ ದೊಡ್ಡ ಬೆಳೆಗಾರರು. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಶಾಬಾಸ್ ಬಾಯಾರ. ಎಂಥಾ ಬಾರೀಕ ನದರ ಐತಿ ನಿಮ್ಮದು!" ಎಂದರು. ಆಮೇಲೆ ಹಾಳೆಯನ್ನು ಮಡಚಿ ಆ ಹುಡುಗಿಯ ಕಡೆ ಚಾಚಿದರು. "ಇವಷ್ಟು ಸರಿ ಮಾಡ್ಕೊಂಡು ಬರ್ರಿ. ಮುಂದಿನ ಸಭಾದಾಗ ಮುಗಿಸಿಬಿಡೂಣು."

ನನ್ನ ಪಕ್ಕ ಕುಳಿತ ವಕೀಲರ ಪೆನ್ನು ನಿಂತಿತು. ಮೆಟ್ಟಿಲು ಇಳಿಯುವಾಗ ಹುಡುಗಿ ನನ್ನ ಕೈ ಹಿಡಿದು, "ಮೇಡಂ, ನಿಮ್ಮ ಶೀಟ್ ತುಂಬಾ ಉಪಯೋಗಕ್ಕೆ ಬಂತು. ನಮಗೆ ಎಲ್ಲಿ ವೀಕ್ ಅಂತ ಗೊತ್ತೇ ಆಗಿರಲಿಲ್ಲ" ಎಂದಳು. ಮನಸ್ಸಿನಿಂದಲೇ ಹೇಳಿದಳು. ಎಲ್ಲಿ ಗೋಡೆ ಬಿರುಕು ಬಿಟ್ಟಿದೆ ಎಂದು ನಾನು ತೋರಿಸಿದ್ದು ಯಾರೂ ಆ ಮನೆಗೆ ಹೋಗದಿರಲಿ ಎಂದು. ಅವರು ಸಿಮೆಂಟು ತಂದರು.

ಸ್ವಲ್ಪ ದಿನಕ್ಕೆ ಅವಳು ಮತ್ತೆ ತಿಕೋಟಾಕ್ಕೆ ಹೋದಳು, ಅಧ್ಯಕ್ಷರ ಚೀಟಿ ಹಿಡಿದು. ಒಳಗೋಡೆಯ ಬಾಕ್ಸುಗಳನ್ನು ತೆರೆಯಬೇಕೆಂದಿತ್ತು. ಮುದ್ರೆ ಒತ್ತಿದ ಬಾಕ್ಸಿನ ಟೇಪನ್ನು ವೈನಿ ಅಂದೇ ಮೊದಲ ಸಲ ಹರಿದಳು. ತೆಗೆದಷ್ಟು ಮಾಲು ಮತ್ತೆ ತೂಕ ಹಾಕಿ ತುಂಬಿಸಿ, ಹೊಸ ಟೇಪು ಹಚ್ಚಿದಳಂತೆ. ಹೆಂಗಸರೆಲ್ಲ ಹಾಡು ನಿಲ್ಲಿಸಿ ನೋಡುತ್ತಿದ್ದರು. ಶೆಡ್ಡು ಮುಚ್ಚುವ ಮಾತು ನಡೆದಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಅವು ಚಾಟಣಿಯ ದಿನಗಳು, ತೋಟದಲ್ಲಿ ಬಳ್ಳಿ ಕತ್ತರಿಸುವ ಸುಗ್ಗಿ. ಪ್ರತಿ ವರ್ಷ ಆ ಹೊತ್ತಿಗೆ ತೋಟದವರು ಹೆಂಗಸರನ್ನು ಕರೆಯಲು ಬೆಳಿಗ್ಗೆಯೇ ಗಾಡಿ ತರುತ್ತಾರೆ. ಪ್ರತಿ ವರ್ಷ ವೈನಿ ಶೆಡ್ಡಿನ ಬಾಗಿಲಿಗೆ ನಿಂತು, ಬೈದು, ಬೇಡಿ, ಅರ್ಧ ಮಂದಿಯನ್ನಾದರೂ ಹಿಡಿದಿಟ್ಟುಕೊಳ್ಳುತ್ತಿದ್ದಳು. ಹೋದವರೂ ಚಾಟಣಿ ಮುಗಿದ ಮೇಲೆ ಮರಳಿ ಬರುತ್ತಿದ್ದರು. ಈ ವರ್ಷ ಅವಳು ಹಿಡಿಯಲಿಲ್ಲ. "ನನ್ನ ನಂಬಿ ಕುಂದರಬ್ಯಾಡ್ರೆವಾ. ಶೆಡ್ಡಿನ ಗತಿ ಏನಕ್ಕೈತೋ ಗೊತ್ತಿಲ್ಲ. ತೋಟದವರು ಕರದರ ಹೋಗ್ರಿ, ಕೆಲಸ ಹಿಡ್ಕೋರಿ" ಎಂದಳು. ನಾನು ಅದನ್ನು ಆಮೇಲೆ ಕೇಳಿದೆ. ನಾನಿದ್ದರೂ ತಡೆಯುತ್ತಿದ್ದೆ ಎಂದು ಹೇಳಲಾರೆ. ಅವಳು ಹೇಳಿದ್ದರಲ್ಲಿ ತಪ್ಪು ಎಲ್ಲಿದೆ?

ಎರಡನೇ ಪಿಪಿಟಿ ಬಂತು. ವಕೀಲರು ಕಲಿಸಿದಂತೆ ಕಡೆಯ ಸ್ಲೈಡು ಮೊದಲು ನೋಡಿದೆ. ಒಂದಕ್ಷರ ಕದಲಿರಲಿಲ್ಲ.

ಉಳಿದದ್ದೆಲ್ಲ ಬದಲಾಗಿತ್ತು. ಈಗ ಹಸಿರಿಗೆ ಹಸಿರೇ ಹೋಲಿಸಿದ್ದರು. ಅಂತರ ಸಣ್ಣದಾಗಿತ್ತು, ಆದರೆ ಇತ್ತು. ಮಾಲೀಕನ ಪತ್ರದ ಜೊತೆ ಅವನ ಹಳೆಯ ಗಿರಾಕಿಗಳ ಪತ್ರ ಸೇರಿತ್ತು. ಖರ್ಚಿನ ಲೆಕ್ಕಕ್ಕೆ ಹೊಸ ಸ್ಲೈಡು. ಮಾದರಿಯ ಸ್ಲೈಡು ಮಾತ್ರ ಎಲ್ಲೂ ಇರಲಿಲ್ಲ. ಎರಡು ಸಲ ಹುಡುಕಿದೆ. ಟೇಪು ಹರಿದು ತೆಗೆದ ಮಾಲು ಎಲ್ಲಿ ಹೋಯಿತು ಎಂದು ಫೋನ್ ಮಾಡಿ ಕೇಳಿದೆ.

"ಆ ರಿಸಲ್ಟ್ ಚೆನ್ನಾಗೇ ಬಂತು ಮೇಡಂ," ಎಂದಳು ಹುಡುಗಿ. "ಯಂತ್ರದ್ದಕ್ಕೂ ನಿಮ್ಮದಕ್ಕೂ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ. ಅದಕ್ಕೇ ಆ ಪಾಯಿಂಟ್ ಬಿಟ್ವಿ. ಈಗ ಮುಖ್ಯ ಲೇಬರ್ ರಿಸ್ಕ್."

ಬಿಟ್ಟ ಜಾಗದಲ್ಲಿ ಹೊಸ ಆಧಾರ ಕೂತಿತ್ತು: ಕೈ ಆರಿಸಲು ಹೆಂಗಸರು ಇನ್ನು ಮುಂದೆ ಸಿಗುವುದಿಲ್ಲ. ಪುರಾವೆ, ಕಳೆದ ಹದಿನೈದು ದಿನಗಳ ಶೆಡ್ಡಿನ ಹಾಜರಿ. ಕಂಬಗಳು ಎಡದಿಂದ ಬಲಕ್ಕೆ ಗಿಡ್ಡವಾಗುತ್ತ ಹೋಗಿದ್ದವು. ಜೊತೆಗೆ ಫೋಟೋ, ಅದೇ ಹಸಿರು ಬಾಗಿಲು, ಖಾಲಿ ತಾಡಪತ್ರಿ. ಮೂಲೆಯಲ್ಲಿ ವೈನಿ ಒಬ್ಬಳೇ ಕುಳಿತು ಆರಿಸುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ, ಸೆರಗು ಕಾಣುತ್ತಿತ್ತು.

ನಾನು ಎರಡನೇ ಹಾಳೆ ಬರೆದೆ. ಹಾಜರಿ ತೆಗೆದುಕೊಂಡದ್ದು ಚಾಟಣಿಯ ದಿನಗಳಲ್ಲಿ. ಹೋದ ವರ್ಷದ ಅದೇ ದಿನಗಳ ಹಾಜರಿ ಪಕ್ಕಕ್ಕೆ ಇಟ್ಟಿಲ್ಲ. ಚಾಟಣಿ ಮುಗಿದ ಮೇಲಿನದೂ ಇಲ್ಲ. ಹೆಂಗಸರು ಹೋದದ್ದು ಶೆಡ್ಡು ಮುಚ್ಚುತ್ತದೆ ಎಂಬ ಭಯಕ್ಕೆ. ಮುಚ್ಚಬೇಕೆಂಬ ತೀರ್ಮಾನದಿಂದ ಹುಟ್ಟಿದ್ದನ್ನೇ ಆ ತೀರ್ಮಾನಕ್ಕೆ ಪುರಾವೆ ಮಾಡಿದ್ದಾರೆ. ಮಾದರಿಯ ಆಧಾರ ಬಿದ್ದು ಹೋದ ಮೇಲೂ ತೀರ್ಮಾನ ಹಾಗೇ ಇರುವುದು ಏಕೆ ಎಂದು ಕೇಳಬೇಕು. ಇಷ್ಟು ಸ್ಪಷ್ಟವಾಗಿ ನಾನು ಯಾವ ಹಾಳೆಯನ್ನೂ ಬರೆದಿರಲಿಲ್ಲ. ಬರೆದು ಮುಗಿಸಿ, ಪೆನ್ಸಿಲ್ ಕೆಳಗಿಟ್ಟು, ಒಲೆಯ ಮೇಲೆ ಹಾಲು ಉಕ್ಕಿದ್ದು ವಾಸನೆ ಬಂದ ಮೇಲೆ ಎದ್ದೆ.

ಸಭೆಯಲ್ಲಿ ವಕೀಲರು ಓದಿದರು. ಕಡೆಯ ಸಾಲು ಎರಡು ಸಲ ಓದಿದರು. ಹುಡುಗಿ ತಲೆ ತಗ್ಗಿಸಿ ಏನೋ ಬರೆದುಕೊಂಡಳು. ಫ್ಯಾನು ಕಿರ್ ಅನ್ನುತ್ತಿತ್ತು.

ತಿಕೋಟಾದ ಒಬ್ಬ ಸಂಚಾಲಕರು, ವೈನಿಯನ್ನು ಚೆನ್ನಾಗಿ ಬಲ್ಲವರು, ಕೆಮ್ಮಿ ಹೇಳಿದರು: "ಬಾಯಾರ ಬರದದ್ದು ಎಲ್ಲಾ ಖರೇನ ಐತಿ ಬಿಡ್ರಿ. ಯಾರಿಂದ ಹೋದ್ರು, ಯಾಕ ಹೋದ್ರು, ಅದು ಬ್ಯಾರೆ ಮಾತು. ಈಗ ಹೆಣ್ಮಕ್ಕಳು ಬರಾಕತ್ತಿಲ್ಲ, ಹೌದಲ್ರಿ? ದೀಪಾವಳಿ ಮಾಲು ಯಾರ್ ಆರಿಸಬೇಕು?"

"ಶೆಡ್ಡು ಇರತೈತಿ ಅಂತ ಒಂದು ಮಾತು ಹೇಳ್ರಿ. ನಾಳಿಗೇ ಬರತಾರ," ಎಂದರು ವಕೀಲರು.

"ಬರತಾರ ಅನ್ನೂದಕ್ಕ ನಿಮ್ಮ ಕಡೆ ಪುರಾವೆ ಏನ್ರಿ ವಕೀಲ್ ಸಾಹೇಬ್ರ?"

ಎಲ್ಲರೂ ನಕ್ಕರು. ಅವರು ಕಲಿಸಿದ ಮಾತನ್ನೇ ಅವರಿಗೆ ತಿರುಗಿಸಿದ್ದಕ್ಕೆ ವಕೀಲರೂ ನಕ್ಕರು, ಒಂದು ಗಳಿಗೆ. ಆಮೇಲೆ ಹಾಳೆಯನ್ನು ನನ್ನ ಕಡೆ ಸರಿಸಿದರು. ಹೆಂಗಸರು ಸಿಗುವುದಿಲ್ಲ ಎಂಬುದು ಮೊದಲ ಪಿಪಿಟಿ ಬಂದಾಗ ಸುಳ್ಳಾಗಿದ್ದ ಮಾತು, ಎರಡನೆಯದು ಬರುವಷ್ಟರಲ್ಲಿ ನಿಜವಾಗಿತ್ತು. ಕೊಂಡಿಯನ್ನು ಗಟ್ಟಿ ಮಾಡಿದ್ದು ಸಡಿಲು ತೋರಿಸುತ್ತ ಕಳೆದ ಆ ದಿನಗಳೇ.

ಕೈ ಎತ್ತಿದರು. ವಕೀಲರು ಎತ್ತಲಿಲ್ಲ. ನಡಾವಳಿ ಬರೆಯುವುದು ನನ್ನ ಕೆಲಸವಾದ್ದರಿಂದ, ಬಹುಮತದಿಂದ ಒಪ್ಪಲಾಯಿತು ಎಂದು ಬರೆದೆ.

ಭಾನುವಾರ ತಿಕೋಟಾಕ್ಕೆ ಹೋದೆ. ಬೇರೆಯವರು ಹೇಳುವ ಮುಂಚೆ ಹೇಳಬೇಕಿತ್ತು. ಅಷ್ಟರಲ್ಲೇ ಯಾರೋ ಹೇಳಿಯಾಗಿತ್ತು, ಊರಲ್ಲಿ ಇಂಥ ಸುದ್ದಿ ಬಸ್ಸಿಗಿಂತ ಮೊದಲು ಮುಟ್ಟುತ್ತದೆ. ವೈನಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅಣ್ಣ ಒಳಗೆ ಮಲಗಿದ್ದ.

"ಬಬಲೇಶ್ವರದಾಗ ಪಟ್ಟಿ ಕಡೀಗೆ ಇಬ್ಬರು ಕುಂದರತಾರ," ಎಂದೆ. "ಕೇಳಿ ನೋಡ್ಲೇನು?"

"ಬೆಳಗಿನ ಪಾಳಿಗೆ ಮುಟ್ಟೂ ಬಸ್ಸ್ ಎಲ್ಲೈತಿ?" ಎಂದಳು. ಕೈ ನಿಲ್ಲಲಿಲ್ಲ. ಒಂದು ಹರಳು ಆರಿಸಿ ಎಸೆದು, "ನೀ ಏನೋ ಹಾಳಿ ಬರದಿದ್ದಿ ಅಂತಲ್ಲ. ಛಲೋ ಬರದಿದ್ದಿ ಅಂತ ಎಲ್ಲಾರೂ ಅಂದ್ರು. ಐತೇನು ಹತ್ರ?"

ಚೀಲದಲ್ಲಿ ಎರಡೂ ಹಾಳೆಗಳ ಪ್ರತಿಗಳಿದ್ದವು. ಕೊಟ್ಟೆ. ಅವಳು ಮೊರ ಕೆಳಗಿಟ್ಟು, ಕೈ ಸೆರಗಿಗೆ ಒರೆಸಿ, ಹಾಳೆಯನ್ನು ದೂರ ಹಿಡಿದು ನೋಡಿದಳು.

"ನಾ ಎಲ್ಲಿ ಬಂದೀನಿ ಇದರಾಗ?"

ನಾನು ಬೆರಳಿಟ್ಟು ತೋರಿಸಿದೆ. ಮೊದಲ ಹಾಳೆಯ ಮೂರನೇ ಸಾಲು. ಎರಡನೇ ಹಾಳೆಯ ಹಾಜರಿಯ ಸಾಲು. ಎರಡೂ ನಡುವಿನ ಕಾಲಮ್ಮು.

"ಏನಂತ ಐತಿ ಮ್ಯಾಲ?"

"ಪುರಾವೆ."

ಅವಳು ಎರಡು ಸಲ ನಿಧಾನವಾಗಿ ಓದಿದಳು, ತುಟಿ ಅಲ್ಲಾಡಿಸುತ್ತ. ತೆರೆದ ಬಾಕ್ಸಿನಿಂದ ಕೊಟ್ಟದ್ದು, ಹೋಗ್ರಿ ಎಂದದ್ದು: ಅವಳು ಮಾಡಿದ ಎರಡೂ ಶೆಡ್ಡು ಮುಚ್ಚಲು ಪುರಾವೆಯಾಗಿದ್ದವು. ಅಕ್ಕಿಯ ಮೊರದ ಮೇಲೆ ಗುಬ್ಬಿ ಕೂತಿತ್ತು, ಓಡಿಸಲಿಲ್ಲ. ಹಾಳೆಗಳನ್ನು ಮಡಚಿ ನನ್ನ ಕೈಗೇ ಕೊಟ್ಟು ಒಳಗೆ ಹೋದಳು. ಅಳುತ್ತಾಳೆ ಎಂದುಕೊಂಡೆ. ಬರುವಾಗ ಅವಳ ಕೈಯಲ್ಲಿ ಅರ್ಧ ಖರ್ಚಾದ ಟೇಪಿನ ಉರುಳೆ ಇತ್ತು, ಬಾಕ್ಸಿಗೆ ಒತ್ತುವ ಮುದ್ರೆಯೂ.

"ಇವು ಆಫೀಸಿನವು. ಒಯ್ದು ಕೊಡು. ಮತ್ತ ನಾಳೆ ನಾ ಇಟ್ಕೊಂಡೆ ಅನ್ನೂದು ಬ್ಯಾಡ."

ಬಸ್ಸಿನಲ್ಲಿ ಉರುಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ತುದಿ ಬಿಚ್ಚಿ ಸೀರೆಗೆ ಅಂಟಿತ್ತು. ಆಫೀಸಿನಲ್ಲಿ ಅದನ್ನು ಯಾರಿಗೆ ಒಪ್ಪಿಸಬೇಕೆಂದು ತಿಳಿಯಲಿಲ್ಲ. ಅದು ಶೆಡ್ಡಿನ ಸಾಮಾನು, ಶೆಡ್ಡು ಇಲ್ಲ. ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ.

ವಕೀಲರು ಸಭೆಗೆ ಬರುತ್ತಾರೆ, ಚಾ ಕುಡಿಯುತ್ತಾರೆ. ಮೊನ್ನೆ ಯಾರೋ ಹನಿ ನೀರಾವರಿಯ ಪಿಪಿಟಿ ತೋರಿಸಿ ಹೋದರು. ನಾನು ಹಾಳೆ ತೆಗೆದು ಮೂರು ಗೆರೆ ಎಳೆದು ಕುಳಿತೆ, ವಕೀಲರು ಬರೆಯಲು ಹೇಳುತ್ತಾರೆಂದು. ಅವರು ಕನ್ನಡಕ ಜೇಬಿಗೆ ಹಾಕಿ, ಕೊಡೆ ಹುಡುಕಿ, ಮೆಟ್ಟಿಲು ಇಳಿದರು. ಸಂಜೆಯವರೆಗೆ ಆ ಹಾಳೆ ಹಾಗೇ ಇತ್ತು. ಹಿಂಬದಿ ಖಾಲಿ ಇದ್ದದ್ದರಿಂದ ಮರುದಿನ ಅದರ ಮೇಲೆ ಚಾ ಅಂಗಡಿಯವನಿಗೆ ಹೇಳಬೇಕಾದ್ದನ್ನು ಬರೆದೆ.